ಡಬ್ಬಿ ರೇಟು ನೂರು ರೂಪಾಯಿ ಹೆಚ್ಚು

ಧಾರವಾಡದಲ್ಲಿ ಮನೆಯಿಂದಲೇ ಮಧ್ಯಾಹ್ನದ ಡಬ್ಬಿ ಕಳಿಸುವ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳು, ಬ್ಯಾಂಕಿನವರು, ಒಂಟಿಯಾಗಿರುವ ಹಿರಿಯರು ಸೇರಿ ನಲವತ್ತು ಗಿರಾಕಿಗಳು. ಎರಡು ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು, ಮೊಸರು ಇರುವ ಡಬ್ಬಿಗೆ ತಿಂಗಳಿಗೆ 2,400 ರೂಪಾಯಿ, ಮುಂಗಡ. ಈಗ ರೇಟು ಏರಿಸಬೇಕಾಗಿದೆ. ಎಷ್ಟು, ಯಾವತ್ತಿನಿಂದ, ಹೇಗೆ ಹೇಳುವುದು?

ಲೆಕ್ಕ ಹಾಕಬೇಕಾದದ್ದು ಒಂದು ಡಬ್ಬಿಗೆ. ರೊಟ್ಟಿ ಬಡಿದು ಕೊಡುವವರು ಒಂದಕ್ಕೆ ಒಂದು ರೂಪಾಯಿ ಹೆಚ್ಚಿಸಿದ್ದಾರೆ ಅಂದುಕೊಳ್ಳೋಣ. ಡಬ್ಬಿಗೆ ಎರಡು ರೂಪಾಯಿ ಬಿತ್ತು. ಎಣ್ಣೆ ಲೀಟರಿಗೆ 30 ರೂಪಾಯಿ ಏರಿದ್ದು, ಡಬ್ಬಿಗೆ 25 ಮಿಲಿ ಹೋಗುವುದಾದರೆ 75 ಪೈಸೆ. ಮೊಸರು ಕಿಲೋಗೆ ನಾಲ್ಕು ರೂಪಾಯಿ ಏರಿದ್ದರೆ ನೂರು ಗ್ರಾಂಗೆ 40 ಪೈಸೆ. ಒಟ್ಟು 3 ರೂಪಾಯಿ 15 ಪೈಸೆ, ಮೂವತ್ತು ದಿನಕ್ಕೆ 94 ರೂಪಾಯಿ 50 ಪೈಸೆ. ಹೊಸ ರೇಟು 2,500 ಎಂದರೆ ಲೆಕ್ಕಕ್ಕೂ ಹತ್ತಿರ, ಕೊಡುವುದಕ್ಕೂ ಸಲೀಸು.

ಮೂರೂ ಬಾಬತ್ತುಗಳನ್ನು ಗಿರಾಕಿಗಳ ಮುಂದೆ ಹರವುವ ಅಗತ್ಯವಿಲ್ಲ. ಏರಿಕೆಯ ಬಹುಪಾಲು ರೊಟ್ಟಿಯದು, ಅದನ್ನೇ ಹೇಳಬೇಕು. ‘ಅನಿವಾರ್ಯ ಕಾರಣಗಳಿಂದ’ ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಹತ್ತು ಕಾರಣ ಕೊಟ್ಟರೆ ಒಂದೊಂದಕ್ಕೂ ವಾದ ಹುಟ್ಟುತ್ತದೆ. ಮುಂದೆ ಎಣ್ಣೆ ಅಗ್ಗವಾದ ದಿನ ‘ರೇಟು ಇಳಿಸ್ರಿ’ ಎನ್ನುವವರೂ ಬರುತ್ತಾರೆ. ಎಣ್ಣೆಯ ದರ ಹಾಗೆ ಏರಿಳಿಯುವಂಥದ್ದೇ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯತೈಲದ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿ, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಸಿತು. ರೊಟ್ಟಿ ಬಡಿಯುವವರ ಕೂಲಿ ಹಾಗಲ್ಲ, ಏರಿದ್ದು ಏರಿದ್ದೇ.

ಇನ್ನೊಂದು ದಾರಿ ಬಹಳ ಜನರನ್ನು ಸೆಳೆಯುತ್ತದೆ: ರೇಟು ಹಾಗೇ ಇಟ್ಟು ರೊಟ್ಟಿ ತೆಳ್ಳಗೆ ಮಾಡುವುದು, ಪಲ್ಯದ ಡಬ್ಬಿಯನ್ನು ಅರ್ಧಕ್ಕೆ ನಿಲ್ಲಿಸುವುದು. ದಿನಾ ಉಣ್ಣುವವರಿಗೆ ಇದು ವಾರದೊಳಗೆ ತಿಳಿಯುತ್ತದೆ, ತಿಳಿದವರು ಹೇಳದೆ ಬೇರೆ ಖಾನಾವಳಿಗೆ ಹೋಗುತ್ತಾರೆ. ಅಳತೆ ಮತ್ತು ಬೆಲೆ ಎರಡನ್ನೂ ಒಟ್ಟಿಗೆ ಬದಲಿಸಿದರೆ, ಬಹಿರಂಗವಾಗಿ ಹೇಳಿದರೂ ಗೊಂದಲ ತಪ್ಪದು. ನಂದಿನಿ ನೀಲಿ ಪ್ಯಾಕೆಟ್ 2024ರ ಜೂನ್‌ನಲ್ಲಿ 42ರಿಂದ 44 ರೂಪಾಯಿಗೆ ಹೋದಾಗ ಲೀಟರಿನ ಜೊತೆ 50 ಮಿಲಿ ಹೆಚ್ಚು ಹಾಲು ಬಂತು. 2025ರ ಏಪ್ರಿಲ್ 1ರಿಂದ ಆ 50 ಮಿಲಿ ಹೋಗಿ ಬೆಲೆ 46 ಆಯಿತು. ಏರಿದ್ದು ನಾಲ್ಕು ರೂಪಾಯಿ ಎಂಬ ಸುದ್ದಿ, ಪ್ಯಾಕೆಟ್ಟಿನ ಮೇಲೆ ಎರಡೇ ರೂಪಾಯಿ ಫರಕು! ಡಬ್ಬಿಯವರು ಆ ತಿಂಗಳು ಊಟವನ್ನು ಇದ್ದ ಹಾಗೇ ಇಟ್ಟು ರೇಟನ್ನಷ್ಟೇ ಬದಲಿಸುವುದು ಕ್ಷೇಮ.

ಎಲ್ಲಕ್ಕಿಂತ ಹೆಚ್ಚು ಜಗಳ ಬರುವುದು ತಾರೀಖಿನಲ್ಲಿ. ‘ಮುಂದಿನ ತಿಂಗಳಿಂದ’ ಎಂದರೆ ಸಾಲದು, ಎಲ್ಲರ ತಿಂಗಳೂ ಒಂದನೇ ತಾರೀಖಿಗೆ ಶುರುವಾಗುವುದಿಲ್ಲ. ಒಬ್ಬ ಹುಡುಗ 18ಕ್ಕೆ ಸೇರಿ ಮುಂಗಡ ಕೊಟ್ಟಿದ್ದರೆ ಆ ದುಡ್ಡು ಮುಂದಿನ 17ರವರೆಗಿನ ಊಟದ್ದು, ಹಳೇ ರೇಟಿನದೇ. ಊರಿಗೆ ಹೋಗಿ ಬಿಟ್ಟ ದಿನಗಳನ್ನು ಮುಂದಕ್ಕೆ ಹಾಕಿಕೊಡುವ ಪದ್ಧತಿ ಇದ್ದರೆ ಆ ದಿನಗಳಿಗೂ ಹಳೇ ರೇಟೇ. ಹದಿನೈದು ದಿನ ಮೊದಲೇ, ಅದೂ ಮನೆಯಿಂದ ಹುಡುಗರಿಗೆ ದುಡ್ಡು ಬರುವ ಮುಂಚೆ ಹೇಳಬೇಕು. ಜೂನ್ 15ರ ಹೊತ್ತಿಗೆ ವಾಟ್ಸಾಪಿನಲ್ಲಿ ಇಷ್ಟು ಸಾಕು:

“ಎಲ್ಲರಿಗೂ ನಮಸ್ಕಾರ. ಜುಲೈ 1ರಿಂದ ಡಬ್ಬಿಯ ತಿಂಗಳ ರೇಟು 2,400ರ ಬದಲು 2,500 ರೂಪಾಯಿ. ರೊಟ್ಟಿ ಬಡಿಯುವವರಿಗೆ ಒಂದು ರೊಟ್ಟಿಗೆ ಒಂದು ರೂಪಾಯಿ ಹೆಚ್ಚು ಕೊಡುತ್ತಿದ್ದೇವೆ. ಊಟ ಈಗಿನಂತೆಯೇ ಇರುತ್ತದೆ. ಮುಂಗಡ ಕೊಟ್ಟವರಿಗೆ ಅವರ ದುಡ್ಡು ತೀರುವವರೆಗೆ ಹಳೇ ರೇಟು. ಮೊಸರು ಬೇಡವೆಂದರೆ 2,400ಕ್ಕೇ ಡಬ್ಬಿ ಸಿಗುತ್ತದೆ.”

ಕೊನೆಯ ಸಾಲು ಬಹಳ ಉಪಯೋಗದ್ದು. “ಅಕ್ಕಾರ, ನನಗೊಬ್ಬಂಗ ಹಳೇ ರೇಟ ಇರ್ಲಿರಿ” ಎಂದು ಒಬ್ಬನಾದರೂ ಕೇಳೇ ಕೇಳುತ್ತಾನೆ. ಅವನಿಗೆ ಗುಟ್ಟಾಗಿ ಒಪ್ಪಿದರೆ ಸಂಜೆಯೊಳಗೆ ಆ ರೂಮಿನ ನಾಲ್ವರಿಗೂ ಗೊತ್ತಾಗುತ್ತದೆ. “ಮೊಸರು ಬಿಡು, ಹಳೇ ರೇಟಿಗೇ ಕೊಡ್ತೀನಿ” ಎಂದರೆ ಅದು ಎಲ್ಲರಿಗೂ ತೆರೆದ ಬಾಗಿಲು; ದಿನಕ್ಕೆ ನೂರು ಗ್ರಾಂ ಮೊಸರಿನ ಖರ್ಚು ತಿಂಗಳಿಗೆ ನೂರು ರೂಪಾಯಿಗಿಂತ ಹೆಚ್ಚೇ ಆಗುವುದರಿಂದ ಅವರಿಗೂ ಲುಕ್ಸಾನಿಲ್ಲ.

‘ಇನ್ನೊಂದು ವರ್ಷ ಏರಿಸುವುದಿಲ್ಲ’ ಎಂಬ ಮಾತನ್ನು ಮಾತ್ರ ಸೇರಿಸಬಾರದು. 19 ಕಿಲೋದ ವಾಣಿಜ್ಯ ಸಿಲಿಂಡರಿನ ದರವನ್ನು ಕಂಪನಿಗಳು ಸಾಮಾನ್ಯವಾಗಿ ಪ್ರತಿ ತಿಂಗಳ ಒಂದನೇ ತಾರೀಖಿಗೆ ಪರಿಷ್ಕರಿಸುತ್ತವೆ, ಅದು ಯಾರ ಕೈಯಲ್ಲೂ ಇಲ್ಲ. ವಾಟ್ಸಾಪ್ ನೋಡದ ಹಿರಿಯರಿಗೆ ಅದೇ ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದು ಡಬ್ಬಿಯ ಜೊತೆ ಕಳಿಸಿ, ಲೆಕ್ಕದ ವಹಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಹೊಸ ರೇಟು ಶುರುವಾಗುವ ತಾರೀಖನ್ನು ಅವತ್ತೇ ಬರೆದಿಟ್ಟುಕೊಳ್ಳಬೇಕು.