ನೀರಿನ ವರದಿಯಲ್ಲಿ 'A = 0.36' ಎಂದರೇನು? ಬಣ್ಣ ನೋಡಿ ಕಬ್ಬಿಣ ಅಳೆಯುವ ಬಗೆ



ಕಾಸರಗೋಡಿನ ಕಡೆಯ ನಮ್ಮ ಸದಸ್ಯರೊಬ್ಬರ ಮನೆಯ ಕೊಳವೆಬಾವಿಯ ನೀರು ಪಂಪಿನಿಂದ ಬರುವಾಗ ಕನ್ನಡಿಯಂತೆ ತಿಳಿಯಾಗಿರುತ್ತದೆ. ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ತಳದಲ್ಲಿ ಕೆಂಪು ಗಸಿ ಕೂರುತ್ತದೆ. ಅದೇ ನೀರಿನಲ್ಲಿ ಮಾಡಿದ ಚಾ ಕಪ್ಪಾಗುತ್ತದೆ, ಬಿಳಿ ಪಂಚೆಯಲ್ಲಿ ಕಲೆ ಉಳಿಯುತ್ತದೆ. ಮುರಕಲ್ಲಿನ ಪ್ರದೇಶದಲ್ಲಿ ಇದು ಹೊಸತಲ್ಲ, ಕಾರಣ ಕಬ್ಬಿಣ. ನಾವು ಒಂದು ಬಾಟಲಿ ನೀರನ್ನು ಪರಿಚಯದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಕೊಟ್ಟೆವು. ಲೀಟರಿಗೆ 0.6 ಮಿಲಿಗ್ರಾಂ ಎಂದು ವರದಿ ಬಂತು. ಭಾರತೀಯ ಮಾನಕ ಐಎಸ್ 10500ರಲ್ಲಿ ಮಿತಿ 1.0 ಮಿಲಿಗ್ರಾಂ. ಹಾಗಾಗಿ ಗಾಬರಿ ಬೇಡ ಎಂದು ಹೇಳಿಬಿಟ್ಟೆವು.

ಮನೆಯವರು ಕೇಳಿದರು: "ರಿಪೋರ್ಟಿನಲ್ಲಿ ಸರಿ ಉಂಟಲ್ಲ ಅಣ್ಣಾ, ಮತ್ತೆ ಬಟ್ಟೆ ಯಾಕೆ ಕೆಂಪಾಗ್ತದೆ?" ಆ ಪ್ರಶ್ನೆ ಸರಿಯಾಗಿತ್ತು, ತಪ್ಪು ನಮ್ಮದಾಗಿತ್ತು. ಅದು ಎಲ್ಲಿ ಆಯಿತೆಂದು ತಿಳಿಯಬೇಕಾದರೆ ಅಳತೆ ಹೇಗೆ ನಡೆಯುತ್ತದೆಂದು ಮೊದಲು ನೋಡಬೇಕು.

ಬಣ್ಣ ಬರಿಸುವುದು

ಕೆಲವು ಮಿಲಿಗ್ರಾಂ ಕಬ್ಬಿಣ ನೀರಿನಲ್ಲಿ ಕರಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಫಿನಾಂತ್ರೊಲೀನ್ ಎಂಬ ರಾಸಾಯನಿಕವನ್ನು ಸೇರಿಸುತ್ತಾರೆ. ಅದರ ಮೂರು ಅಣುಗಳು ಒಂದು ಫೆರಸ್ ಕಬ್ಬಿಣವನ್ನು ಸುತ್ತುವರಿದು ಕಿತ್ತಳೆಗೆಂಪು ಬಣ್ಣ ಕೊಡುತ್ತವೆ. ಕಬ್ಬಿಣ ಹೆಚ್ಚಿದಷ್ಟೂ ಬಣ್ಣ ಗಾಢ.

ಗಾಳಿ ತಾಗಿ ತುಕ್ಕಾದ ಕಬ್ಬಿಣ ಫೆರಿಕ್ ರೂಪದಲ್ಲಿರುತ್ತದೆ, ಅದು ಈ ಬಣ್ಣ ಕೊಡುವುದಿಲ್ಲ. ಹಾಗಾಗಿ 50 ಮಿಲಿಲೀಟರ್ ನೀರಿಗೆ ಮೊದಲು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಹೈಡ್ರಾಕ್ಸಿಲಮೀನ್ ಹಾಕಿ ಕುದಿಸುತ್ತಾರೆ. ಆಮ್ಲ ಗಸಿಯನ್ನು ಕರಗಿಸುತ್ತದೆ, ಹೈಡ್ರಾಕ್ಸಿಲಮೀನ್ ಫೆರಿಕ್ಕನ್ನು ಫೆರಸ್ ಮಾಡುತ್ತದೆ. ತಣಿದ ಮೇಲೆ ಆಮ್ಲತೆಯನ್ನು ಹದಕ್ಕೆ ತರುವ ಅಸಿಟೇಟ್ ದ್ರಾವಣ ಮತ್ತು ಫಿನಾಂತ್ರೊಲೀನ್ ಸೇರಿಸಿ, ಭಟ್ಟಿ ಇಳಿಸಿದ ನೀರಿನಿಂದ 100 ಮಿಲಿಲೀಟರ್ ಮಾಡಿ, ಬಣ್ಣ ಪೂರ್ತಿ ಬರಲು ಹತ್ತು ಹದಿನೈದು ನಿಮಿಷ ಬಿಡುತ್ತಾರೆ. 50 ಇದ್ದದ್ದು 100 ಆಯಿತು ಎಂಬುದು ನೆನಪಿರಲಿ, ಲೆಕ್ಕದಲ್ಲಿ ಬೇಕಾಗುತ್ತದೆ.

ಹೀರಿಕೆಯ ನಿಯಮ

ಅರ್ಧ ಬೆಳಕನ್ನು ಮಾತ್ರ ಬಿಡುವ ಒಂದು ಬಣ್ಣದ ಗಾಜು ಇದೆಯೆನ್ನಿ. ಅಂಥದೇ ಇನ್ನೊಂದನ್ನು ಹಿಂದೆ ಇಟ್ಟರೆ ಬೆಳಕು ಪೂರ್ತಿ ನಿಲ್ಲುವುದಿಲ್ಲ. ಉಳಿದದ್ದರ ಅರ್ಧ, ಅಂದರೆ ನೂರರಲ್ಲಿ 25 ದಾಟುತ್ತದೆ. ಮೂರನೆಯದಾದ ಮೇಲೆ 12.5. ಗಾಜು ಒಂದೊಂದೇ ಹೆಚ್ಚಿದರೂ ಬೆಳಕು ಸಮನಾಗಿ ಇಳಿಯುವುದಿಲ್ಲ, ಪ್ರತಿಸಲವೂ ಅದೇ ಪಾಲು ಕಡಿಮೆಯಾಗುತ್ತದೆ. ಹೀಗಿರುವಾಗ ದಾಟಿದ ಬೆಳಕಿನಿಂದ ಗಾಜುಗಳನ್ನು ಎಣಿಸುವುದು ತೊಡಕು.

ಇದಕ್ಕೆ ಲಾಗರಿದಮ್ ಬಳಸುತ್ತಾರೆ. ಒಳಹೋದ ಬೆಳಕನ್ನು ಹೊರಬಂದ ಬೆಳಕಿನಿಂದ ಭಾಗಿಸಿ ಲಾಗ್ ತೆಗೆದರೆ ಒಂದು ಗಾಜಿಗೆ 0.30, ಎರಡಕ್ಕೆ 0.60, ಮೂರಕ್ಕೆ 0.90 ಬರುತ್ತದೆ. ಈಗ ಲೆಕ್ಕ ನೇರವಾಯಿತು. ಈ ಸಂಖ್ಯೆಯೇ ಹೀರಿಕೆ, ವರದಿಯಲ್ಲಿ A ಎಂದು ಬರೆಯುವುದು. ದ್ರಾವಣದಲ್ಲಿ ಗಾಜಿನ ಬದಲು ಬಣ್ಣದ ಅಣುಗಳಿರುತ್ತವೆ. ಬೆಳಕು ಹಾಯುವ ದೂರ ಇಮ್ಮಡಿಯಾದರೂ, ಅಣುಗಳ ದಟ್ಟಣೆ ಇಮ್ಮಡಿಯಾದರೂ A ಇಮ್ಮಡಿಯಾಗುತ್ತದೆ. ದೂರದ ಮಾತನ್ನು 18ನೇ ಶತಮಾನದಲ್ಲಿ ಬೂಗೇ ಮತ್ತು ಲ್ಯಾಂಬರ್ಟ್ ಹೇಳಿದರು, ದ್ರಾವಣದ ಪ್ರಮಾಣದ ಸಂಬಂಧವನ್ನು 1852ರಲ್ಲಿ ಬಿಯರ್ ಸೇರಿಸಿದರು. ಬರೆಯುವುದು ಹೀಗೆ:

A = εlc

ಇಲ್ಲಿ l ಎಂದರೆ ಬೆಳಕು ಹಾಯುವ ದೂರ, c ಎಂದರೆ ದ್ರಾವಣದ ಪ್ರಮಾಣ, ε ಎಂದರೆ ಆ ವಸ್ತು ಆ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ಸ್ಥಿರಾಂಕ.

ಉಪಕರಣದಲ್ಲಿ ನಡೆಯುವುದು

ಸ್ಪೆಕ್ಟ್ರೋಫೋಟೋಮೀಟರ್ ದೀಪದ ಬೆಳಕಿನಿಂದ ಒಂದೇ ಬಣ್ಣವನ್ನು ಆರಿಸಿ, ಒಂದು ಸೆಂಟಿಮೀಟರ್ ಅಗಲದ ಚೌಕ ಗಾಜಿನ ಕೊಳವೆಯ ಮೂಲಕ ಹಾಯಿಸಿ, ಆಚೆ ಎಷ್ಟು ಬಂತೆಂದು ಅಳೆಯುತ್ತದೆ. ಆ ಕೊಳವೆಗೆ ಕ್ಯುವೆಟ್ ಎನ್ನುತ್ತಾರೆ. ನಮ್ಮ ದ್ರಾವಣ ಕಿತ್ತಳೆಗೆಂಪಾಗಿ ಕಾಣುವುದು ಅದು ನೀಲಿಹಸಿರನ್ನು ಹೀರುವುದರಿಂದ. ಆದ್ದರಿಂದ ಅಳೆಯುವುದು 510 ನ್ಯಾನೋಮೀಟರಿನ ನೀಲಿಹಸಿರು ಬೆಳಕಿನಲ್ಲಿ. ಕೆಂಪು ಬೆಳಕು ಹಾಯಿಸಿದರೆ ಅದು ತಡೆಯಿಲ್ಲದೆ ದಾಟಿ ಹೋಗುತ್ತದೆ, ಏನೂ ತಿಳಿಯುವುದಿಲ್ಲ.

ಮೊದಲು, ಬಾವಿನೀರಿನ ಬದಲು ಭಟ್ಟಿ ಇಳಿಸಿದ ನೀರಿಗೆ ಎಲ್ಲ ರಾಸಾಯನಿಕ ಹಾಕಿದ ದ್ರಾವಣವನ್ನಿಟ್ಟು ಉಪಕರಣವನ್ನು ಸೊನ್ನೆಗೆ ತರುತ್ತಾರೆ. ರಾಸಾಯನಿಕದಲ್ಲೇ ಇರುವ ಅಲ್ಪ ಕಬ್ಬಿಣ ಹೀಗೆ ಕಳೆದುಹೋಗುತ್ತದೆ. ಆಮೇಲೆ ಪ್ರಮಾಣ ಗೊತ್ತಿರುವ ದ್ರಾವಣಗಳು: ಲೀಟರಿಗೆ 1 ಮಿಲಿಗ್ರಾಂಗೆ 0.20, 2ಕ್ಕೆ 0.40, 3ಕ್ಕೆ 0.60 ಬಂತು. ಗ್ರಾಫ್ ಹಾಳೆಯಲ್ಲಿ ಇವು ಒಂದೇ ಸರಳರೇಖೆ. ಈ ವಿಧಾನದಲ್ಲಿ ಒಂದು ಮಿಲಿಗ್ರಾಂಗೆ ಸುಮಾರು 0.20 ಬರಬೇಕು. ಬಹಳ ಕಡಿಮೆ ಬಂದರೆ ರಾಸಾಯನಿಕ ಹಳತಾಗಿದೆ ಅಥವಾ ಆಮ್ಲತೆಯ ಹದ ತಪ್ಪಿದೆ ಎಂದು ಅರ್ಥ.

ತಪ್ಪಿದ್ದು ಎಲ್ಲಿ

ನಮ್ಮ ಮೊದಲ ಬಾಟಲಿಯ A 0.06. ಅದನ್ನು 0.20ರಿಂದ ಭಾಗಿಸಿದರೆ 0.3, 50ನ್ನು 100 ಮಾಡಿದ್ದಕ್ಕೆ ಎರಡರಿಂದ ಗುಣಿಸಿದರೆ 0.6. ಲೆಕ್ಕ ಸರಿ, ಉಪಕರಣವೂ ಸರಿ. ಆದರೆ ಆ ಬಾಟಲಿ ನಮ್ಮ ಕಚೇರಿಯ ಕಪಾಟಿನಲ್ಲಿ ಮೂರು ದಿನ ಕೂತಿತ್ತು. ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿದಿತ್ತು. ಪ್ರಯೋಗಾಲಯದ ಚಿಕ್ಕ ಬಾಟಲಿಗೆ ಸುರಿಯುವಾಗ ನಾವು, ಅಡುಗೆಮನೆಯ ಅಭ್ಯಾಸದಂತೆ, ಕದಡದೆ ಮೇಲಿನ ತಿಳಿನೀರು ಮಾತ್ರ ಬಗ್ಗಿಸಿದ್ದೆವು. ಅಳೆಯಬೇಕಾದ ಕಬ್ಬಿಣ ನಮ್ಮ ಕಪಾಟಿನಲ್ಲೇ ಉಳಿದಿತ್ತು.

ಎರಡನೆಯ ಸಲ ಪ್ರಯೋಗಾಲಯದವರೇ ಆಮ್ಲ ಹಾಕಿದ ಬಾಟಲಿ ಕೊಟ್ಟರು. ಆಮ್ಲವಿದ್ದರೆ ಕಬ್ಬಿಣ ಕರಗಿಯೇ ಇರುತ್ತದೆ. ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಕೊಳವೆಯಲ್ಲಿ ನಿಂತ ನೀರು ಹೋದ ಮೇಲೆ ಹಿಡಿದೆವು. ಈ ಸಲ A 0.36 ಬಂತು. 0.20ರಿಂದ ಭಾಗಿಸಿದರೆ 1.8, ಎರಡರಿಂದ ಗುಣಿಸಿದರೆ ಲೀಟರಿಗೆ 3.6 ಮಿಲಿಗ್ರಾಂ. ಮಿತಿಯ ಮೂರೂವರೆ ಪಟ್ಟಿಗೂ ಹೆಚ್ಚು.

ಅವರು ಇನ್ನೊಂದು ಪರೀಕ್ಷೆ ಮಾಡಿ ತೋರಿಸಿದರು. 50ರ ಬದಲು 25 ಮಿಲಿಲೀಟರ್ ನೀರು ತೆಗೆದು ಅದೇ ಕ್ರಮ ನಡೆಸಿದಾಗ 0.18 ಬಂತು. ನೀರು ಅರ್ಧವಾದಾಗ A ಕೂಡ ಅರ್ಧವಾದರೆ ಅಳತೆ ನಿಯಮದೊಳಗಿದೆ. A ತೀರಾ ದೊಡ್ಡದಾದಾಗ ಹೀಗಾಗುವುದಿಲ್ಲ. A 2 ಎಂದರೆ ನೂರರಲ್ಲಿ ಒಂದು ಪಾಲು ಬೆಳಕು ಮಾತ್ರ ದಾಟಿದೆ. ಉಪಕರಣದೊಳಗೆ ಇನ್ನೊಂದು ಪಾಲು ಬೇರೆ ಬೆಳಕು ಸೋರಿದರೆ ಎರಡು ಪಾಲಾಗಿ 1.70 ಎಂದು ತೋರಿಸುತ್ತದೆ, ಕಬ್ಬಿಣ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಆದ್ದರಿಂದ ಗಾಢ ದ್ರಾವಣವನ್ನು ತೆಳುವಾಗಿಸಿ A 0.1ರಿಂದ 0.8ರೊಳಗೆ ಬರುವಂತೆ ಮಾಡುವುದು ರೂಢಿ. ಹಾಗೆ ನೋಡಿದರೆ ನಮ್ಮ ಮೊದಲಿನ 0.06 ಕೂಡ ಭರವಸೆಯ ಸಂಖ್ಯೆಯಾಗಿರಲಿಲ್ಲ.

ಕ್ಯುವೆಟ್ ಮೇಲಿನ ಬೆರಳಚ್ಚು, ಗಾಳಿಗುಳ್ಳೆ, ತೇಲುವ ಮಣ್ಣು ಕೂಡ ಬೆಳಕನ್ನು ತಡೆಯುತ್ತವೆ. ಉಪಕರಣಕ್ಕೆ ಅದೂ ಕಬ್ಬಿಣವೇ. ಅದೇ ದ್ರಾವಣವನ್ನು 700 ನ್ಯಾನೋಮೀಟರಿನಲ್ಲಿ ಓದಿದರೆ ಗುಟ್ಟು ತಿಳಿಯುತ್ತದೆ. ಅಲ್ಲಿ ಈ ಬಣ್ಣ ಹೀರುವುದಿಲ್ಲ, ಆದರೂ A ಏಳುತ್ತಿದ್ದರೆ ಅದು ಮಣ್ಣಿನದು.

ಆ ಮನೆಯವರು ಈಗ ನೀರನ್ನು ಸಣ್ಣ ಹನಿಗಳಾಗಿ ಗಾಳಿಗೆ ಬೀಳಿಸಿ, ಮರಳಿನ ತೊಟ್ಟಿಯಲ್ಲಿ ಸೋಸುತ್ತಿದ್ದಾರೆ. ಸೋಸಿದ ನೀರನ್ನೂ ಆಮ್ಲದ ಬಾಟಲಿಯಲ್ಲೇ ಪರೀಕ್ಷೆಗೆ ಕೊಡಲಿದ್ದೇವೆ. ಬೇರೆ ಊರಿನ ಸದಸ್ಯರು ನೀರು ಕಳುಹಿಸುವುದಿದ್ದರೆ ದಯವಿಟ್ಟು ಬಾಟಲಿಯನ್ನು ಮೊದಲು ಪ್ರಯೋಗಾಲಯದಿಂದಲೇ ಪಡೆಯಿರಿ. ವರದಿ ಬಂದಾಗ ಮೂರು ವಿಷಯ ಕೇಳಿ: A ಎಷ್ಟು, ಎಷ್ಟು ಪಟ್ಟು ತೆಳುವಾಗಿಸಿದ್ದರು, ಅರ್ಧ ನೀರಿನಲ್ಲಿ ಅರ್ಧ ಬಂತೇ.

ಕಾರ್ಯದರ್ಶಿ