ಕೊನೆಯ ಸಂದರ್ಶನದ ನಂತರ ‘ಇಲ್ಲ’ ಎನ್ನುವಾಗ

ಮೊದಲ ಸುತ್ತಿನಲ್ಲೇ ಕೈಬಿಟ್ಟವರಿಗೆ ಎರಡು ಸಾಲಿನ ಸಿದ್ಧ ಇಮೇಲ್ ಸಾಕು. ಕೊನೆಯ ಸಂದರ್ಶನದವರೆಗೆ ಬಂದವರ ವಿಷಯ ಬೇರೆ. ಅವರು ರಜೆ ಹಾಕಿ ಬಂದಿರುತ್ತಾರೆ, ಸಂಬಳದ ಮಾತೂ ಆಗಿರುತ್ತದೆ, ಮಕ್ಕಳ ಶಾಲೆ ಬದಲಿಸುವ ಯೋಚನೆ ಮನೆಯಲ್ಲಿ ಶುರುವಾಗಿರುತ್ತದೆ. ಅಂಥವರಿಗೂ ಅದೇ ಎರಡು ಸಾಲು ಕಳಿಸುವುದು ಅನ್ಯಾಯ.

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಅಕೌಂಟ್ಸ್ ಮ್ಯಾನೇಜರ್ ಬೇಕು ಎಂದಿಟ್ಟುಕೊಳ್ಳೋಣ. ಕೊನೆಗೆ ಉಳಿದವರು ಇಬ್ಬರು. ಹುಬ್ಬಳ್ಳಿಯಿಂದ ಬಂದಾಕೆ ಜಿಎಸ್‌ಟಿಯಲ್ಲಿ ಗಟ್ಟಿಗರು. ಇನ್ನೊಬ್ಬರಿಗೆ ರಫ್ತಿನ ಲೆಕ್ಕ ನೋಡಿದ ಅನುಭವ. ಆಯ್ಕೆಯಾದವರು ಎರಡನೆಯವರು. ಆಕೆಗೆ ಹೀಗೆ ಬರೆಯಬಹುದು:

“ನಮಸ್ಕಾರ. ಅಕೌಂಟ್ಸ್ ಮ್ಯಾನೇಜರ್ ಹುದ್ದೆಗೆ ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ನಮ್ಮ ರಫ್ತು ಹೆಚ್ಚುತ್ತಿರುವುದರಿಂದ ಆ ಲೆಕ್ಕವನ್ನು ಮೊದಲೇ ನಿಭಾಯಿಸಿದವರು ಬೇಕಾಗಿತ್ತು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಾಳೆ ನೋಡಲು ನೀವು ವಿವರಿಸಿದ ಕ್ರಮ ನಮಗೆಲ್ಲ ಹಿಡಿಸಿತು. ಹುಬ್ಬಳ್ಳಿಯಿಂದ ಬಂದು ಸಮಯ ಕೊಟ್ಟಿದ್ದಕ್ಕೆ ಧನ್ಯವಾದಗಳು. ಕೇಳುವುದಿದ್ದರೆ ಈ ಇಮೇಲ್‌ಗೇ ಉತ್ತರಿಸಿ, ನಾನೇ ಫೋನ್ ಮಾಡುತ್ತೇನೆ.”

ಫಲಿತಾಂಶ ಮೊದಲ ವಾಕ್ಯದಲ್ಲೇ ಇದೆ. ಹೊಗಳಿಕೆಯಿಂದ ಶುರುಮಾಡಿದರೆ ಓದುವವರು ಕೆಲಸ ಸಿಕ್ಕಿತೆಂದೇ ಅಂದುಕೊಂಡು, ಮೂರನೇ ಸಾಲಿನಲ್ಲಿ ಇನ್ನೂ ಹೆಚ್ಚು ನೊಂದುಕೊಳ್ಳುತ್ತಾರೆ. ಮೆಚ್ಚಿದ್ದು ಏನನ್ನು ಎಂಬುದೂ ನಿಖರವಾಗಿದೆ. ಬೇರೆ ಯಾರಿಗೂ ಆ ಸಾಲನ್ನು ಕಳಿಸಲಾಗದು. ಕಾರಣವಂತೂ ನಿಜವೇ ಆಗಿರಬೇಕು. ರಫ್ತಿನ ಬಗ್ಗೆ ಸಂದರ್ಶನದಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಹೀಗೆ ಬರೆದರೆ ಅದು ನೆಪವೆಂದು ತಕ್ಷಣ ತಿಳಿದುಬಿಡುತ್ತದೆ. ‘ಮುಂದೆ ಅವಕಾಶವಿದ್ದರೆ ತಿಳಿಸುತ್ತೇವೆ’ ಎಂಬ ಮಾತನ್ನು, ನಿಜವಾಗಿ ತಿಳಿಸುವ ಉದ್ದೇಶವಿಲ್ಲದಿದ್ದರೆ, ಬರೆಯಲೇಬಾರದು. ಆಯ್ಕೆಯಾದವರ ಹೆಸರು, ಹಿನ್ನೆಲೆಯೂ ಬೇಡ.

ಒಕ್ಕಣೆಗಿಂತ ಕಷ್ಟವಾದದ್ದು ಅದನ್ನು ಕಳಿಸುವ ಹೊತ್ತು. ನಮ್ಮಲ್ಲಿ ಅನೇಕ ಕಂಪನಿಗಳ ನೋಟಿಸ್ ಅವಧಿ 90 ದಿನ. ಆಫರ್ ಒಪ್ಪಿಕೊಂಡವರು ಆ ನಡುವೆ ಬೇರೆ ಕಡೆ ಹೋಗಿಬಿಡಬಹುದೆಂಬ ಭಯದಿಂದ ಎಚ್‌ಆರ್‌ನವರು ಎರಡನೆಯವರಿಗೆ ಏನೂ ಹೇಳದೆ ಕಾಯಿಸುತ್ತಾರೆ. ಮನಸ್ಸು ಮುರಿಯುವುದು ಹೆಚ್ಚಾಗಿ ಈ ಮೌನದಿಂದಲೇ. ಆಫರ್‌ಗೆ ಇನ್ನೂ ಉತ್ತರ ಬಂದಿಲ್ಲವೆಂದರೆ ‘ನಿರ್ಧಾರ ಅಂತಿಮವಾಗಿಲ್ಲ, ಶುಕ್ರವಾರದೊಳಗೆ ತಿಳಿಸುತ್ತೇವೆ’ ಎಂದು ಬರೆದು, ಶುಕ್ರವಾರ ತಿಳಿಸಬೇಕು. ಒಪ್ಪಿಗೆ ಬಂದ ಮರುದಿನವೇ ಫೋನ್ ಮಾಡಿ, ಆಮೇಲೆ ಇಮೇಲ್ ಕಳಿಸುವುದು ಸರಿ. ಅದರ ಕೆಳಗೆ ಸಂದರ್ಶನ ಮಾಡಿದವರ ಹೆಸರಿರಲಿ.

ಎರಡು ತಿಂಗಳ ನಂತರ ಆಯ್ಕೆಯಾದವರು ಬರುವುದಿಲ್ಲ ಎಂದರೆ? ಹುಬ್ಬಳ್ಳಿಗೆ ಸಂಕೋಚವಿಲ್ಲದೆ ಫೋನ್ ಮಾಡಬಹುದು. ಆದರೆ ರಫ್ತಿನ ಲೆಕ್ಕ ಕಲಿಸಿಕೊಡಲು ಕಾರ್ಖಾನೆಯಲ್ಲಿ ಯಾರಿದ್ದಾರೆ ಎಂಬುದನ್ನೂ ಆ ಕರೆಯಲ್ಲೇ ಹೇಳಬೇಕಾಗುತ್ತದೆ. ಅಂದು ಕೊಟ್ಟ ಕಾರಣವನ್ನು ಆಕೆ ಮರೆತಿರುವುದಿಲ್ಲ.