ತಂಪಿನಲ್ಲಿ ಒಂದು, ಬಿಸಿಯಲ್ಲಿ ಇನ್ನೊಂದು

ಬ್ಯುಟಾಡೈಯೀನ್ ನಾಲ್ಕು ಇಂಗಾಲಗಳ ಸಣ್ಣ ಅಣು. ಒಂದನೆಯ ಮತ್ತು ಎರಡನೆಯ ಇಂಗಾಲದ ನಡುವೆ ಒಂದು ದ್ವಿಬಂಧವಿದೆ, ಮೂರನೆಯ ಮತ್ತು ನಾಲ್ಕನೆಯದರ ನಡುವೆ ಇನ್ನೊಂದು. ಇದಕ್ಕೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ ಎರಡು ಬಗೆಯ ಉತ್ಪನ್ನಗಳು ಸಿಗುತ್ತವೆ. ಬ್ರೋಮಿನ್ ಎರಡನೆಯ ಇಂಗಾಲಕ್ಕೆ ಅಂಟಿದರೆ 1,2-ಉತ್ಪನ್ನ, ನಾಲ್ಕನೆಯದಕ್ಕೆ ಅಂಟಿದರೆ 1,4-ಉತ್ಪನ್ನ. ಸೊನ್ನೆಗಿಂತ 80 ಡಿಗ್ರಿ ಸೆಲ್ಸಿಯಸ್ ಕೆಳಗೆ ಪ್ರಯೋಗ ನಡೆಸಿದರೆ ಸುಮಾರು 80 ಶೇಕಡಾ 1,2-ಉತ್ಪನ್ನ ಬರುತ್ತದೆ. 40 ಡಿಗ್ರಿ ಶಾಖದಲ್ಲಿ ನಡೆಸಿದರೆ ಲೆಕ್ಕ ತಲೆಕೆಳಗಾಗಿ, ಸುಮಾರು 80 ಶೇಕಡಾ 1,4-ಉತ್ಪನ್ನವಾಗಿರುತ್ತದೆ.

ಎರಡಕ್ಕೂ ಮೊದಲ ಹೆಜ್ಜೆ ಒಂದೇ. ಹೈಡ್ರೋಜನ್ ಅಯಾನು ತುದಿಯ ಇಂಗಾಲಕ್ಕೆ ಸೇರುತ್ತದೆ. ಉಳಿದ ಧನ ಆವೇಶ ಎರಡನೆಯ ಮತ್ತು ನಾಲ್ಕನೆಯ ಇಂಗಾಲಗಳ ನಡುವೆ ಹಂಚಿಕೊಂಡಿರುತ್ತದೆ. ಈ ಹಂಚಿಕೆ ಸಮಪಾಲಲ್ಲ. ಎರಡನೆಯ ಇಂಗಾಲಕ್ಕೆ ಇನ್ನೆರಡು ಇಂಗಾಲಗಳ ಆಸರೆ ಇರುವುದರಿಂದ ಆವೇಶದ ಹೆಚ್ಚು ಪಾಲು ಅಲ್ಲಿ ನಿಲ್ಲುತ್ತದೆ. ಜೊತೆಗೆ, ಹೈಡ್ರೋಜನ್ನನ್ನು ಬಿಟ್ಟುಕೊಟ್ಟ ಬ್ರೋಮೈಡ್ ಅಯಾನು ಆ ಕ್ಷಣದಲ್ಲಿ ಇರುವುದೂ ಅದರ ಪಕ್ಕದಲ್ಲೇ. ಹೀಗಾಗಿ 1,2-ಉತ್ಪನ್ನದ ದಾರಿಯಲ್ಲಿ ದಾಟಬೇಕಾದ ಶಕ್ತಿಯ ತಡೆ ಚಿಕ್ಕದು, ಅದು ಬೇಗ ರೂಪುಗೊಳ್ಳುತ್ತದೆ.

ಆದರೆ ಬೇಗ ಆದದ್ದು ಗಟ್ಟಿಯಾದದ್ದೇನಲ್ಲ. 1,2-ಉತ್ಪನ್ನದಲ್ಲಿ ದ್ವಿಬಂಧ ಸರಪಳಿಯ ತುದಿಯಲ್ಲಿರುತ್ತದೆ. 1,4-ಉತ್ಪನ್ನದಲ್ಲಿ ಅದು ನಡುವಿಗೆ ಸರಿದು ಎರಡೂ ಬದಿಗೆ ಇಂಗಾಲಗಳನ್ನು ಪಡೆದಿರುತ್ತದೆ. ಅಂಥ ದ್ವಿಬಂಧದ ಶಕ್ತಿ ಕಡಿಮೆ, ಸ್ಥಿರತೆ ಹೆಚ್ಚು.

ಕಡುತಂಪಿನಲ್ಲಿ ಒಮ್ಮೆ ಅಂಟಿದ ಬ್ರೋಮಿನ್ ಮತ್ತೆ ಬಿಡಿಸಿಕೊಳ್ಳಲು ಬೇಕಾದಷ್ಟು ಶಕ್ತಿ ಅಣುಗಳಲ್ಲಿ ಇರುವುದಿಲ್ಲ. ಯಾವುದು ಬೇಗ ಆಯಿತೋ ಅದೇ ಉಳಿಯುತ್ತದೆ. ಇದು ಕೈನೆಟಿಕ್ ನಿಯಂತ್ರಣ, ಅಂದರೆ ವೇಗದ ಹಿಡಿತ. 40 ಡಿಗ್ರಿಯಲ್ಲಿ ಬ್ರೋಮಿನ್ ಕಳಚಿ, ಮತ್ತೆ ಅದೇ ಅಯಾನು ಹುಟ್ಟಿ, ಮತ್ತೆ ಎರಡರಲ್ಲೊಂದು ಕಡೆ ಅಂಟುವುದು ನಡೆಯುತ್ತಲೇ ಇರುತ್ತದೆ. 1,4-ಉತ್ಪನ್ನದಿಂದ ಹಿಂದಿರುಗುವುದು ಹೆಚ್ಚು ಕಷ್ಟವಾದ್ದರಿಂದ ಕ್ರಮೇಣ ಅದೇ ಶೇಖರವಾಗಿ ಸಮತೋಲನ ನೆಲೆಸುತ್ತದೆ. ಇದು ಥರ್ಮೋಡೈನಮಿಕ್ ನಿಯಂತ್ರಣ, ಸ್ಥಿರತೆಯ ಹಿಡಿತ.

ಇದಕ್ಕೆ ಅತ್ಯಂತ ಒಪ್ಪುವ ಸಾಕ್ಷಿ ಸರಳವಾದದ್ದು. ತಂಪಿನಲ್ಲಿ ಸಿಕ್ಕ ಮಿಶ್ರಣವನ್ನೇ ಹೈಡ್ರೋಜನ್ ಬ್ರೋಮೈಡ್ ಜೊತೆ 40 ಡಿಗ್ರಿಗೆ ಏರಿಸಿ ಬಿಟ್ಟರೆ, ಅದು ಬಿಸಿಯಲ್ಲಿ ಸಿಗುವ ಮಿಶ್ರಣವಾಗಿ ಮಾರ್ಪಡುತ್ತದೆ. ಬಿಸಿ ಮಿಶ್ರಣವನ್ನು ತಣ್ಣಗಾಗಿಸಿದರೆ ಮಾತ್ರ ಅದು ಹಿಂದಿನ ರೂಪಕ್ಕೆ ಮರಳುವುದಿಲ್ಲ.

ಬಿಸಿ ಮಾಡಿದ ಮಾತ್ರಕ್ಕೆ ಸ್ಥಿರ ಉತ್ಪನ್ನ ಸಿಕ್ಕೇ ಸಿಗುತ್ತದೆ ಎಂದು ತಿಳಿಯುವುದು ತಪ್ಪು. ಕ್ರಿಯೆ ಹಿಂದಕ್ಕೂ ಚಲಿಸಬೇಕು, ಸಮತೋಲನಕ್ಕೆ ಸಾಕಷ್ಟು ಹೊತ್ತೂ ಸಿಗಬೇಕು. ಬೇಗ ನಿಲ್ಲಿಸಿದರೆ ಬಿಸಿಯಲ್ಲೂ ವೇಗದ ಉತ್ಪನ್ನದ ಪಾಲೇ ಹೆಚ್ಚಾಗಿರಬಹುದು. ಬೇಗ ಆಗುವುದೂ ಸ್ಥಿರವಾದದ್ದೂ ಒಂದೇ ಆಗಿರುವ ಕ್ರಿಯೆಗಳೂ ಅನೇಕ. ಅಲ್ಲಿ ತಾಪ ಬದಲಿಸಿದರೂ ಮುಖ್ಯ ಉತ್ಪನ್ನ ಬದಲಾಗುವುದಿಲ್ಲ.